ಬ್ರೆಡ್ ಯಂತ್ರವೂ ಹಿಟ್ಟಿನ ಅಳತೆಯೂ

ಮನೆಯಲ್ಲಿ ಬ್ರೆಡ್ ತಯಾರಿಸುವ ಯಂತ್ರವನ್ನು ಇಟ್ಟುಕೊಂಡವರ ದೂರುಗಳು ಮುಖ್ಯವಾಗಿ ಎರಡು ಬಗೆಯವು. ಬ್ರೆಡ್ಡು ಉಬ್ಬದೆ ಕುಳ್ಳಾಗಿ, ಒತ್ತಾಗಿ, ಕೈಗೆ ಭಾರವಾಗಿ ಹೊರಬರುತ್ತದೆ ಎಂಬುದು ಒಂದು. ಗಾಜಿನ ಕಿಂಡಿಯಲ್ಲಿ ನೋಡುವಾಗ ಚೆನ್ನಾಗಿಯೇ ಉಬ್ಬಿದ್ದದ್ದು ಬೇಯುವ ವೇಳೆಗೆ ನಡುನೆತ್ತಿಯಲ್ಲಿ ಕುಸಿದು ಹಳ್ಳವಾಗುತ್ತದೆ ಎಂಬುದು ಇನ್ನೊಂದು. ಎರಡೂ ಕೆಟ್ಟ ಬ್ರೆಡ್ಡೇ ಆದುದರಿಂದ ಎರಡನ್ನೂ ಒಂದೇ ರೋಗವೆಂದು ಬಗೆದು ಒಂದೇ ಮದ್ದನ್ನು ಪ್ರಯೋಗಿಸುವುದು ಲೋಕರೂಢಿಯಾಗಿದೆ. ಆ ಮದ್ದು ಯಾವುದೆಂದರೆ ಯೀಸ್ಟನ್ನು ಹೆಚ್ಚಿಸುವುದು. ಆದರೆ ಸ್ವಲ್ಪ ವಿಚಾರ ಮಾಡಿದರೆ ಈ ಎರಡು ದೋಷಗಳೂ ಪರಸ್ಪರ ವಿರುದ್ಧ ದಿಕ್ಕಿನವೆಂಬುದು ಗೋಚರವಾಗುತ್ತದೆ. ಉಬ್ಬಬೇಕಾದಷ್ಟು ಉಬ್ಬದಿರುವುದು ಒತ್ತಾದ ಬ್ರೆಡ್ಡಿನ ದೋಷ. ತಾಳಬಲ್ಲುದಕ್ಕಿಂತ ಅಧಿಕವಾಗಿ ಉಬ್ಬಿದ್ದು, ಇಲ್ಲವೆ ಉಬ್ಬಿದ್ದನ್ನು ಹಿಡಿದು ನಿಲ್ಲಿಸುವ ಬಲ ಸಾಲದೆ ಹೋದದ್ದು ಕುಸಿದ ಬ್ರೆಡ್ಡಿನ ದೋಷ. ಒಂದಕ್ಕೆ ಔಷಧವೆನಿಸಿದ್ದು ಇನ್ನೊಂದಕ್ಕೆ ಕಾರಣವೇ ಆಗತಕ್ಕದ್ದು. ಈ ವಾರ ಒತ್ತಾದ ಬ್ರೆಡ್ಡನ್ನು ಕಂಡು ಯೀಸ್ಟನ್ನು ಹೆಚ್ಚಿಸಿದವರು ಮುಂದಿನ ವಾರ ಕುಸಿದ ಬ್ರೆಡ್ಡನ್ನು ಕಂಡು ಯಂತ್ರವನ್ನು ಶಪಿಸುವುದು ಈ ಕಾರಣದಿಂದಲೇ.

ಯಂತ್ರದ ಸ್ವಭಾವವನ್ನು ಮೊದಲು ಅರಿಯಬೇಕು. ಅದರ ತಗಡಿನ ಪೆಟ್ಟಿಗೆಯೊಳಗೆ ಇರುವುದು ಹಿಟ್ಟು ನಾದುವ ಒಂದು ಅಲಗು, ಅದನ್ನು ತಿರುಗಿಸುವ ಮೋಟಾರು, ಪಾತ್ರೆಯ ಸುತ್ತ ಬಳಸಿದ ಕಾಯುವ ಸರಳು, ಶಾಖವನ್ನು ಗಮನಿಸುವ ಒಂದು ಸಣ್ಣ ಸಾಧನ, ಇವೆಲ್ಲಕ್ಕೂ ಆಜ್ಞೆ ಕೊಡುವ ಒಂದು ಗಡಿಯಾರ. ಸಾಮಾನ್ಯ ಕ್ರಮದಲ್ಲಿ ನಾದುವುದು, ಉಬ್ಬಲು ಬಿಡುವುದು, ಅಲಗನ್ನು ಕೆಲವು ಸುತ್ತು ತಿರುಗಿಸಿ ಒಳಗಣ ಅನಿಲವನ್ನು ಹೊರಗೆಡವಿ ಮತ್ತೆ ಉಬ್ಬಲು ಬಿಡುವುದು, ಕೊನೆಗೆ ಸುಮಾರು ಒಂದು ಗಂಟೆ ಬೇಯಿಸುವುದು, ಹೀಗೆ 3ರಿಂದ 4 ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಇದರಲ್ಲಿ ಪ್ರತಿಯೊಂದು ಘಟ್ಟವೂ ನಿಮಿಷಗಳ ಲೆಕ್ಕದ ಮೇಲೆ ಆರಂಭವಾಗಿ ನಿಮಿಷಗಳ ಲೆಕ್ಕದ ಮೇಲೆ ಕೊನೆಗೊಳ್ಳುತ್ತದೆ. ಬೇಕರಿಯ ಅನುಭವಸ್ಥನು ಕಣಕವನ್ನು ಬೆರಳಿನಿಂದ ಒತ್ತಿ, ಅದು ಮೇಲೇಳುವ ನಿಧಾನವನ್ನು ನೋಡಿ, ಒಲೆಗೆ ಹಾಕುವ ಹೊತ್ತಾಯಿತೇ ಇಲ್ಲವೇ ಎಂದು ನಿರ್ಣಯಿಸುತ್ತಾನೆ. ಯಂತ್ರಕ್ಕೆ ಆ ನಿರ್ಣಯಶಕ್ತಿಯಿಲ್ಲ. ಕಣಕ ಅರ್ಧ ಉಬ್ಬಿದ್ದರೂ, ಉಬ್ಬಿ ಉಬ್ಬಿ ದಣಿದಿದ್ದರೂ, ಗೊತ್ತಾದ ನಿಮಿಷಕ್ಕೆ ಅದು ಸರಳನ್ನು ಕಾಯಿಸಿಯೇ ತೀರುತ್ತದೆ. ಆದಕಾರಣ ಬ್ರೆಡ್ ಯಂತ್ರದ ಉಪಯೋಗವೆಂದರೆ ಗಡಿಯಾರವು ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಹದಕ್ಕೆ ಬರುವಂಥ ಕಣಕವನ್ನು ಒದಗಿಸಿಕೊಡುವುದು. ಇದರ ಹೊಣೆ ಮನುಷ್ಯನದೇ.

ಯಂತ್ರದೊಡನೆ ಬರುವ ಕೈಪಿಡಿಗಳ ಕೊನೆಯಲ್ಲಿ ದೋಷಗಳ ಒಂದು ಕೋಷ್ಟಕವಿರುತ್ತದೆ. ಹಿಟ್ಟು ಹೆಚ್ಚಾಗಿರಬಹುದು, ನೀರು ಕಡಮೆಯಾಗಿರಬಹುದು, ಯೀಸ್ಟು ಹಳತಾಗಿರಬಹುದು, ಅಲಗು ಸರಿಯಾಗಿ ಕೂತಿರದಿರಬಹುದು ಎಂದು ಸಾಲುಸಾಲಾಗಿ ಕಾರಣಗಳನ್ನು ಅಲ್ಲಿ ಕೊಟ್ಟಿರುತ್ತಾರೆ. ಅವು ಸುಳ್ಳಲ್ಲ, ಆದರೆ ಎಲ್ಲ ಕಾರಣಗಳನ್ನೂ ಸಮಾನ ಪಂಕ್ತಿಯಲ್ಲಿ ಕೂರಿಸಿದುದರಿಂದ ಓದುವವರಿಗೆ ಎಲ್ಲಿಂದ ಆರಂಭಿಸಬೇಕೆಂಬುದು ತಿಳಿಯುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಕಾರಣಗಳು ಸಮಾನವೂ ಅಲ್ಲ, ಒಂದಕ್ಕೊಂದು ಸಂಬಂಧವಿಲ್ಲದವೂ ಅಲ್ಲ. ಹಿಟ್ಟಿಗೂ ನೀರಿಗೂ ಇರುವ ಪ್ರಮಾಣವೇ ಮೂಲ. ಅಲಗಿನ ಕೆಲಸ, ಯೀಸ್ಟಿನ ವೇಗ, ಕಾವಿನ ಪರಿಣಾಮ ಈ ಮೂರೂ ಆ ಪ್ರಮಾಣವನ್ನು ಅನುಸರಿಸಿ ನಡೆಯುತ್ತವೆ. ಅದರ ತರುವಾಯ ಬರುವುದು ಕಣಕದ ಉಷ್ಣತೆ. ಯೀಸ್ಟಿನ ಮೇಲೆ ಸಂದೇಹಪಡುವುದು ಈ ಎರಡನ್ನೂ ಪರೀಕ್ಷಿಸಿದ ಮೇಲೆ.

ಹಿಟ್ಟಿನ ಅಳತೆಯನ್ನು ತೆಗೆದುಕೊಳ್ಳೋಣ. ನಮ್ಮ ಮನೆಗಳಲ್ಲಿ ಅಕ್ಕಿಬೇಳೆಗಳನ್ನು ಪಾವು ಸೇರುಗಳಿಂದ ಅಳೆದು ತಲೆಮಾರುಗಳಿಂದ ಅಡುಗೆ ನಡೆದು ಬಂದಿದೆ. ಅದರಲ್ಲಿ ಯಾವ ಅನರ್ಥವೂ ಸಂಭವಿಸಿಲ್ಲ. ಏಕೆಂದರೆ ಅಕ್ಕಿಯ ಕಾಳು ಒತ್ತಿದರೂ ಹೆಚ್ಚು ಅಡಗುವುದಿಲ್ಲ. ಪಾವಿನಲ್ಲಿ ಹಿಡಿಯುವ ಅಕ್ಕಿ ಇಂದಿಗೂ ನಾಳೆಗೂ ಒಂದೇ ತೂಕ. ಹಿಟ್ಟಿನ ವಿಷಯ ಹಾಗಲ್ಲ. ಅದರ ಕಣಗಳ ನಡುವೆ ಗಾಳಿ ತುಂಬಿರುತ್ತದೆ. ಜರಡಿ ಹಿಡಿದು ಚಮಚದಿಂದ ಮೆಲ್ಲನೆ ಸುರಿದರೆ 240 ಮಿಲಿಲೀಟರಿನ ಬಟ್ಟಲಿನಲ್ಲಿ ಸುಮಾರು 120ರಿಂದ 125 ಗ್ರಾಂ ಹಿಡಿಯುವ ಮೈದಾ, ಅದೇ ಬಟ್ಟಲನ್ನು ಡಬ್ಬಕ್ಕೆ ಅದ್ದಿ ಗೋರಿಕೊಂಡಾಗ 140ನ್ನು ಮೀರುತ್ತದೆ, ಅಂಚಿಗೆ ಒತ್ತಿ ತುಂಬಿದಾಗ 150ನ್ನೂ ದಾಟುತ್ತದೆ. ಮೂರು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲು ನೀರು ಎಂಬ ಪಾಠವನ್ನು ಬರೆದವನು 375 ಗ್ರಾಂ ಹಿಟ್ಟಿಗೆ 240 ಮಿಲಿಲೀಟರು ನೀರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ಅಂದರೆ ಹಿಟ್ಟಿನ ತೂಕದಲ್ಲಿ ನೂರಕ್ಕೆ 64 ಪಾಲು ನೀರು. ಒತ್ತಿ ತುಂಬಿದ ಮೂರು ಬಟ್ಟಲಿನಲ್ಲಿ 465 ಗ್ರಾಂ ಹಿಟ್ಟಿದ್ದರೆ ಅದೇ ನೀರು ನೂರಕ್ಕೆ 52 ಪಾಲಿಗೆ ಇಳಿಯುತ್ತದೆ. ಇದು ಪೂರಿಯ ಕಣಕಕ್ಕೆ ಹತ್ತಿರವಾದ ಬಿಗಿ, ಬ್ರೆಡ್ಡಿನದಲ್ಲ. ಬಟ್ಟಲಿನ ಎಣಿಕೆಯಲ್ಲಿ ಒಂದಿಷ್ಟೂ ತಪ್ಪಿಲ್ಲ, ಮೂರಕ್ಕೆ ಮೂರೇ ಹಾಕಿದ್ದಾರೆ. ಆದರೂ ಕಾಲುಭಾಗದಷ್ಟು ಹಿಟ್ಟು ಅರಿವಿಗೆ ಬಾರದೆ ಹೆಚ್ಚಾಗಿ ಬಿದ್ದಿದೆ. ತಾವು ಪಾಠವನ್ನು ಅಕ್ಷರಶಃ ಅನುಸರಿಸಿದೆವೆಂದು ಜನ ಪ್ರಾಮಾಣಿಕವಾಗಿ ಹೇಳುವುದೂ, ಬ್ರೆಡ್ಡು ಪ್ರಾಮಾಣಿಕವಾಗಿಯೇ ಕೆಡುವುದೂ ಒಟ್ಟಿಗೆ ಸಂಭವಿಸುವುದು ಹೀಗೆ.

ನೀರಿನ ಪ್ರಮಾಣಕ್ಕೆ ಇಷ್ಟು ಮಹತ್ತ್ವ ಬಂದದ್ದು ಏತರಿಂದ? ಗೋಧಿಯಲ್ಲಿ ಗ್ಲಿಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಸಸಾರಜನಕ ಪದಾರ್ಥಗಳಿವೆ. ಒಣಹಿಟ್ಟಿನಲ್ಲಿ ಅವು ಸುಮ್ಮನೆ ಬಿದ್ದಿರುತ್ತವೆ. ನೀರು ಸೋಕಿ ನಾದಿದಾಗ ಪರಸ್ಪರ ಹೆಣೆದುಕೊಂಡು ಗ್ಲುಟೆನ್ ಎಂಬ ಎಳೆಯುವ, ಹಿಗ್ಗುವ ಜಾಲವಾಗುತ್ತವೆ. ಯೀಸ್ಟು ಹೊರಬಿಡುವ ಇಂಗಾಲಾಮ್ಲ ವಾಯುವನ್ನು ಹಿಡಿದಿಡುವುದು ಈ ಜಾಲ. ನೀರು ಸಾಲದಿದ್ದರೆ ಜಾಲ ಪೂರ್ತಿಯಾಗಿ ಹೆಣೆಯದು, ಹೆಣೆದಷ್ಟೂ ಹಿಗ್ಗದು. ಯೀಸ್ಟು ಎಷ್ಟು ಶ್ರಮಿಸಿದರೂ ಆ ಬಿಗಿಯಾದ ಕಣಕವನ್ನು ಎತ್ತಲಾರದು. ನೀರು ಅಧಿಕವಾದರೆ ಜಾಲ ಸಡಿಲವಾಗಿ, ಬೇಗ ಹಿಗ್ಗಿ, ತನ್ನ ಭಾರವನ್ನೇ ಹೊರಲಾರದೆ ಹರಿಯುತ್ತದೆ. ಒತ್ತಾಗುವುದೂ ಕುಸಿಯುವುದೂ ಒಂದೇ ಅಳತೆಗೋಲಿನ ಎರಡು ತುದಿಗಳೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹಿಟ್ಟಿನ ಜಾತಿಯನ್ನೂ ಗಮನಿಸಬೇಕು. ಪಾಶ್ಚಾತ್ಯ ಪಾಠಗಳು ಬ್ರೆಡ್ಡಿಗೆಂದೇ ಬೀಸಿದ, ಸಸಾರಜನಕ ಹೆಚ್ಚಿರುವ ಹಿಟ್ಟನ್ನು ಅಪೇಕ್ಷಿಸುತ್ತವೆ. ನಮ್ಮ ಅಂಗಡಿಯ ಮೈದಾ ಅದಕ್ಕಿಂತ ಸಾಮಾನ್ಯವಾಗಿ ದುರ್ಬಲವಾದುದರಿಂದ ಅದು ತಾಳುವ ನೀರೂ ಸ್ವಲ್ಪ ಕಡಮೆ; ನೂರಕ್ಕೆ 60ರಿಂದ 62 ಪಾಲಿನಿಂದ ಆರಂಭಿಸುವುದು ಕ್ಷೇಮ. ಗಿರಣಿಯ ಕಲ್ಲಿನಲ್ಲಿ ಬೀಸಿದ ಗೋಧಿಹಿಟ್ಟಿನದು ಬೇರೆಯ ಕಥೆ. ಬಿಗಿಯಾದ ಕಲ್ಲುಗಳ ನಡುವೆ ಅರೆಯುವಾಗ ಪಿಷ್ಟದ ಕಣಗಳು ಬಹಳವಾಗಿ ಜಜ್ಜಿಹೋಗುತ್ತವೆ. ಜಜ್ಜಿದ ಪಿಷ್ಟ ಹೆಚ್ಚು ನೀರನ್ನು ಹೀರುತ್ತದೆ. ಚಪಾತಿ ಮೃದುವಾಗುವುದಕ್ಕೆ ಇದು ಗುಣ. ಬ್ರೆಡ್ಡಿಗೆ ಅಷ್ಟೇನೂ ಅಲ್ಲ. ಅದರ ಮೇಲೆ ತೌಡಿನ ಚೂರುಗಳು ಗ್ಲುಟೆನ್ ಜಾಲವನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಪಾಠದಲ್ಲಿ ಮೈದಾ ಎಂದಿರುವ ಕಡೆ ಆರೋಗ್ಯದೃಷ್ಟಿಯಿಂದ ಗೋಧಿಹಿಟ್ಟನ್ನು ಹಾಕಿ, ನೀರನ್ನು ಮಾತ್ರ ಬದಲಾಯಿಸದೆ ಬಿಟ್ಟವರಿಗೆ ಒತ್ತಾದ ಬ್ರೆಡ್ಡು ದೊರೆತರೆ ಅದು ಯಂತ್ರದ ಅಪರಾಧವಲ್ಲ.

ಇನ್ನು ಅಲಗಿನ ವಿಚಾರ. ಅಲಗು ತಿರುಗಿದರೆ ಸಾಕು, ನಾದುವಿಕೆ ತಾನಾಗಿಯೇ ಆಗುತ್ತದೆಂಬ ನಂಬಿಕೆ ಸರಿಯಲ್ಲ. ಜಪಾನಿನ ಮತ್ಸುಶಿತ ಕಂಪನಿಯವರು 1987ರಲ್ಲಿ ಮನೆಯ ಬ್ರೆಡ್ ಯಂತ್ರವೊಂದನ್ನು ಮಾರುಕಟ್ಟೆಗೆ ತಂದರು. ಅದರ ಪೂರ್ವಪ್ರಯತ್ನಗಳಲ್ಲಿ ಬ್ರೆಡ್ಡಿನ ಹೊರಮೈ ಸೀದು ಒಳಗು ಬೇಯದೆ ಉಳಿಯುತ್ತಿತ್ತು. ಕಾರಣ ತಿಳಿಯದೆ ಹೋದಾಗ ಇಕುಕೊ ತನಾಕಾ ಎಂಬ ತಂತ್ರಜ್ಞೆ ಓಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಪ್ರಧಾನ ಬೇಕರಿಯವರ ಬಳಿ ಶಿಷ್ಯವೃತ್ತಿ ಕೈಗೊಂಡು, ಆತ ಕಣಕವನ್ನು ನಾದುವಾಗ ಬರಿದೆ ತಿರುವದೆ ಒಂದು ವಿಶಿಷ್ಟ ರೀತಿಯಲ್ಲಿ ತಿರುಚಿ ಎಳೆಯುತ್ತಾನೆಂಬುದನ್ನು ಕಂಡುಕೊಂಡಳು. ಆ ತಿರುಚಿ ಎಳೆಯುವ ಚಲನೆಯನ್ನು ಯಂತ್ರದಲ್ಲಿ ತರುವುದಕ್ಕಾಗಿ ಪಾತ್ರೆಯ ಒಳಮೈಯಲ್ಲಿ ಉಬ್ಬುಗೆರೆಗಳನ್ನು ಎಬ್ಬಿಸಬೇಕಾಯಿತು. ಆಡಳಿತಶಾಸ್ತ್ರದ ಗ್ರಂಥಗಳಲ್ಲಿ ಈ ವೃತ್ತಾಂತವನ್ನು ಬೇರೊಂದು ಪ್ರಯೋಜನಕ್ಕಾಗಿ ಪದೇ ಪದೇ ಉದಾಹರಿಸುತ್ತಾರೆ; ನಮಗೆ ಅದರಿಂದ ಬೇಕಾದುದು ಒಂದೇ ಅಂಶ. ಕಣಕದ ಒಂದು ಮಗ್ಗುಲನ್ನು ಪಾತ್ರೆಯ ಗೋಡೆ ಹಿಡಿದಿರಬೇಕು, ಇನ್ನೊಂದು ಮಗ್ಗುಲನ್ನು ಅಲಗು ಎಳೆಯಬೇಕು, ಆಗಲೇ ನಾದಿದಂತೆ. ಬಿಗಿಯಾದ ಕಣಕ ಗೋಡೆಯನ್ನು ಮುಟ್ಟದೆ ಅಲಗಿನ ಮೇಲೆ ಗಟ್ಟಿಮುದ್ದೆಯಾಗಿ ಕುಳಿತು ಅದರೊಡನೆಯೇ ಸುತ್ತುತ್ತದೆ. ತೆಳುವಾದ ಕಣಕ ಗೋಡೆಗೆ ಬಳಿದುಕೊಂಡು ಅಲಗಿನ ಹಿಡಿತಕ್ಕೆ ಸಿಕ್ಕುವುದಿಲ್ಲ. ಎರಡರಲ್ಲೂ ಮೋಟಾರು ತಿರುಗುತ್ತಲೇ ಇರುತ್ತದೆ, ನಾದುವಿಕೆ ಮಾತ್ರ ಆಗಿರುವುದಿಲ್ಲ. ಅಲಗಿನ ದೋಷವೆಂದು ತೋರುವುದರಲ್ಲಿ ಬಹುಪಾಲು ಹೀಗೆ ಅಳತೆಯ ದೋಷವೇ ಆಗಿರುತ್ತದೆ.

ಇದನ್ನು ಪರೀಕ್ಷಿಸುವ ಉಪಾಯ ಸುಲಭ. ನಾದಲು ಆರಂಭವಾಗಿ ಸುಮಾರು ಹತ್ತು ನಿಮಿಷಗಳಾದ ಮೇಲೆ ಮುಚ್ಚಳವನ್ನು ತೆರೆದು ನೋಡಬೇಕು. ಈ ಹಂತದಲ್ಲಿ ತೆರೆಯುವುದರಿಂದ ಯಾವ ಹಾನಿಯೂ ಇಲ್ಲ. ನಯವಾದ ಉಂಡೆಯೊಂದು ರೂಪುಗೊಂಡು, ತಳಕ್ಕೆ ಸ್ವಲ್ಪ ಅಂಟಿ ಬಿಡುತ್ತ, ಗೋಡೆಗಳನ್ನು ಶುಚಿಯಾಗಿ ಬಿಟ್ಟು ಸುತ್ತುತ್ತಿದ್ದರೆ ಪ್ರಮಾಣ ಸರಿಯಾಗಿದೆ. ಉಂಡೆ ಒರಟಾಗಿ, ಬಿರುಕುಬಿಟ್ಟು, ಮೂಲೆಗಳಲ್ಲಿ ಒಣಹಿಟ್ಟು ಉಳಿದಿದ್ದರೆ ಒಂದೊಂದೇ ಚಮಚ ನೀರನ್ನು ಸೇರಿಸಿ, ಪ್ರತಿ ಸಲವೂ ಒಂದು ನಿಮಿಷ ಕಾದು ನೋಡಬೇಕು. ಉಂಡೆಯೇ ಕಟ್ಟದೆ ಕೆಸರಾಗಿದ್ದರೆ ಹಿಟ್ಟನ್ನು ಅದೇ ರೀತಿ ಸೇರಿಸಬೇಕು.

ನಿಜವಾಗಿಯೂ ಅಲಗಿನದೇ ದೋಷವಾಗಿರುವ ಸಂದರ್ಭಗಳೂ ಉಂಟು. ದಂಡದ ಬುಡದಲ್ಲಿ ಹಳೆಯ ಕಣಕ ಒಣಗಿ ಕೂತು ಅಲಗು ತಳಕ್ಕೆ ಇಳಿಯದಿರಬಹುದು; ಅಲಗಿನ ರಂಧ್ರದ ಚಪ್ಪಟೆ ಮಗ್ಗುಲು ಸವೆದು, ದಂಡ ತಿರುಗಿದರೂ ಅಲಗು ಜಾರಬಹುದು; ಮೋಟಾರಿನಿಂದ ದಂಡಕ್ಕೆ ಹಾಯುವ ರಬ್ಬರು ಪಟ್ಟಿ ಸಡಿಲಾಗಿ, ಖಾಲಿ ಪಾತ್ರೆಯಲ್ಲಿ ಚೆನ್ನಾಗಿ ತಿರುಗುವ ಅಲಗು ಕಣಕದ ಭಾರ ಬಿದ್ದೊಡನೆ ತಡವರಿಸಬಹುದು. ಮೋಟಾರಿನ ಗುಂಯ್ ಶಬ್ದ ಕೇಳುತ್ತಿದ್ದು ಅಲಗು ಮಾತ್ರ ನಿಂತು ನಿಂತು ಚಲಿಸಿದರೆ ಈ ಕೊನೆಯದನ್ನೇ ಶಂಕಿಸಬೇಕು. ಅಮೆರಿಕಾದಿಂದ ಯಂತ್ರ ಹೊತ್ತು ತಂದ ಕನ್ನಡಿಗರಿಗೆ ಇಲ್ಲೊಂದು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಅಲ್ಲಿಯ ವಿದ್ಯುತ್ತು 120 ವೋಲ್ಟು, ಸೆಕೆಂಡಿಗೆ 60 ಆವರ್ತನೆ. ಇಲ್ಲಿಯದು 230 ವೋಲ್ಟು, 50 ಆವರ್ತನೆ. ನಡುವೆ ಒಂದು ಟ್ರಾನ್ಸ್‌ಫಾರ್ಮರನ್ನು ಇಟ್ಟರೆ ವೋಲ್ಟೇಜು ಇಳಿಯುತ್ತದೆಯೇ ಹೊರತು ಆವರ್ತನೆ ಬದಲಾಗುವುದಿಲ್ಲ. ಆವರ್ತನೆಯನ್ನು ಅನುಸರಿಸಿ ತಿರುಗುವ ಇಂಡಕ್ಷನ್ ಮೋಟಾರು ಒಳಗಿದ್ದರೆ ಅಲಗಿನ ವೇಗ ಹೆಚ್ಚುಕಡಮೆ ಆರನೆಯ ಒಂದು ಪಾಲು ಕುಗ್ಗುತ್ತದೆ. ಮೋಟಾರು ಹೆಚ್ಚು ಬಿಸಿಯಾಗುವುದೂ ಉಂಟು. ಬೋಸ್ಟನ್ನಿನಲ್ಲಿ ಚೆನ್ನಾಗಿ ನಾದುತ್ತಿದ್ದ ಯಂತ್ರ ಬಸವನಗುಡಿಯಲ್ಲಿ ಸೋಮಾರಿಯಾಗುವುದಕ್ಕೆ ಇದೂ ಒಂದು ಕಾರಣ. ಬ್ರೆಡ್ಡಿನ ತಳದಲ್ಲಿ ಅಲಗು ಬಿಟ್ಟ ಗುಳಿ ಮಾತ್ರ ದೋಷವಲ್ಲ, ಅದು ಯಂತ್ರದ ಗುರುತು.

ಯೀಸ್ಟಿಗೆ ಬರೋಣ. ಯೀಸ್ಟು ಜೀವಾಣು, ಅದರ ಚಟುವಟಿಕೆ ಉಷ್ಣತೆಗೆ ಅಧೀನ. ಸಾಮಾನ್ಯ ಕೋಣೆಯ ಮಟ್ಟದಲ್ಲಿ ಉಷ್ಣತೆ ಎಂಟು ಹತ್ತು ಡಿಗ್ರಿ ಏರಿದರೆ ಅದರ ವೇಗ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ಇಟ್ಟರೂ ಏಳದ ಇಡ್ಲಿಯ ಹಿಟ್ಟು ಬೇಸಗೆಯಲ್ಲಿ ಮಲಗುವ ಹೊತ್ತಿಗೇ ಪಾತ್ರೆಯಿಂದ ಉಕ್ಕುವುದನ್ನು ಬಲ್ಲ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿವರಿಸಬೇಕಾಗಿರುವುದು ಕೈಪಿಡಿ ಬರೆದವರಿಗೆ. ಏಕೆಂದರೆ ಉಗುರುಬೆಚ್ಚಗಿನ ನೀರನ್ನೇ ಹಾಕಿರೆಂದು ಕೈಪಿಡಿಗಳು ಬಹುಮಟ್ಟಿಗೆ ಆದೇಶಿಸುತ್ತವೆ. ಈ ಆದೇಶ ಎಲ್ಲಿಂದ ಬಂತೆಂಬುದನ್ನು ಬೇಕರಿಯವರ ಹಳೆಯ ಲೆಕ್ಕವೊಂದು ಬಯಲುಮಾಡುತ್ತದೆ. ನಾದಿ ಮುಗಿದ ಕಣಕ ಎಷ್ಟು ಡಿಗ್ರಿ ಇರಬೇಕೋ ಅದನ್ನು ಮೂರರಿಂದ ಗುಣಿಸಿ, ಬಂದದ್ದರಲ್ಲಿ ಕೋಣೆಯ ಉಷ್ಣತೆ, ಹಿಟ್ಟಿನ ಉಷ್ಣತೆ, ನಾದುವಾಗ ಘರ್ಷಣೆಯಿಂದ ಹುಟ್ಟುವ ಕಾವು ಈ ಮೂರನ್ನೂ ಕಳೆದರೆ ಹಾಕಬೇಕಾದ ನೀರಿನ ಉಷ್ಣತೆ ಸಿಕ್ಕುತ್ತದೆ. ಕಣಕ 26 ಡಿಗ್ರಿ ಇರಬೇಕು, ಘರ್ಷಣೆಯ ಕಾವು 5 ಡಿಗ್ರಿ ಎಂದಿಟ್ಟುಕೊಳ್ಳೋಣ. ಕೋಣೆಯೂ ಹಿಟ್ಟೂ 20 ಡಿಗ್ರಿ ಇರುವ ಶೀತದೇಶದ ಅಡುಗೆಮನೆಯಲ್ಲಿ 78ರಲ್ಲಿ 45 ಕಳೆದು 33 ಡಿಗ್ರಿಯ ನೀರು ಬೇಕಾಗುತ್ತದೆ. ಉಗುರುಬೆಚ್ಚಗೆ ಎಂದರೆ ಇದೇ. ಕೋಣೆಯೂ ಹಿಟ್ಟೂ 35 ಡಿಗ್ರಿ ಇರುವ ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ 78ರಲ್ಲಿ 75 ಕಳೆದು ಉಳಿಯುವುದು 3 ಡಿಗ್ರಿ, ಅಂದರೆ ಫ್ರಿಜ್ಜಿನ ನೀರು. ಒಂದೇ ಲೆಕ್ಕ, ಎರಡು ದೇಶ. ಅಲ್ಲಿಗೆ ಹಿತವಾದ ಉಪದೇಶವನ್ನು ಇಲ್ಲಿ ಪಾಲಿಸಿದರೆ ಯೀಸ್ಟು ಗಡಿಯಾರಕ್ಕಿಂತ ಬಹಳ ಮುಂದೆ ಓಡಿ, ಬೇಯುವ ಹೊತ್ತಿಗೆ ಕಣಕದ ಜಾಲ ಹಿಗ್ಗಿ ಸೋತಿರುತ್ತದೆ.

ಯೀಸ್ಟು ನೀರನ್ನು ಸೇರುವ ಕ್ಷಣವೂ ಮುಖ್ಯ. ನಾದುವುದಕ್ಕೆ ಮೊದಲೇ ಅದು ಒದ್ದೆಯಾದರೆ ಗಡಿಯಾರ ಆರಂಭವಾಗುವ ಮೊದಲೇ ಹುದುಗು ಆರಂಭವಾದಂತೆ. ರಾತ್ರಿ ಪದಾರ್ಥಗಳನ್ನು ತುಂಬಿ ಬೆಳಗಿಗೆ ಬ್ರೆಡ್ಡಾಗುವಂತೆ ವೇಳೆಯನ್ನು ಮುಂದೂಡಿ ಇಡುವ ಅನುಕೂಲವನ್ನು ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ತಳದಲ್ಲಿ ನೀರು, ಒಂದು ಮೂಲೆಯಲ್ಲಿ ಉಪ್ಪು, ಅದರ ಮೇಲೆ ನೀರನ್ನು ಪೂರ್ತಿಯಾಗಿ ಮುಚ್ಚುವಂತೆ ಹಿಟ್ಟು, ಹಿಟ್ಟಿನ ನೆತ್ತಿಯಲ್ಲಿ ಮಾಡಿದ ಸಣ್ಣ ಗುಳಿಯಲ್ಲಿ ಒಣಯೀಸ್ಟು ಎಂಬುದು ಹಲವು ಯಂತ್ರಗಳ ಕ್ರಮ. ಗುಳಿ ಆಳವಾಗಿ ನೀರನ್ನು ಮುಟ್ಟಬಾರದು. ಕೆಲವು ಯಂತ್ರಗಳಲ್ಲಿ ಕ್ರಮ ತಿರುಗುಮುರುಗು, ಕೆಲವದರಲ್ಲಿ ಯೀಸ್ಟಿಗೆ ಬೇರೆಯ ಡಬ್ಬಿಯೇ ಇದೆ, ಉದ್ದೇಶ ಒಂದೇ. ಹುಡಿಹುಡಿಯಾದ ಇನ್‌ಸ್ಟಂಟ್ ಯೀಸ್ಟನ್ನು ಹೀಗೆ ಒಣಗಿದ್ದಂತೆಯೇ ಹಾಕಬಹುದು. ದಪ್ಪ ಕಾಳಿನಂತಿರುವ ಆಕ್ಟಿವ್ ಡ್ರೈ ಯೀಸ್ಟಾದರೋ ಸ್ವಲ್ಪ ಬೆಚ್ಚನೆಯ ನೀರಿನಲ್ಲಿ ನೆನೆದು ಎಚ್ಚರಗೊಂಡ ಮೇಲೆಯೇ ಚುರುಕಾಗಿ ಕೆಲಸ ಮಾಡತಕ್ಕದ್ದು, ಆದಕಾರಣ ವೇಳೆಯನ್ನು ಮುಂದೂಡುವ ಏರ್ಪಾಡಿಗೂ ಶೀಘ್ರಕ್ರಮಕ್ಕೂ ಅದು ತಕ್ಕುದಲ್ಲ. ಯೀಸ್ಟು ಸತ್ತಿದೆಯೇ ಎಂಬ ಸಂಶಯವಿದ್ದರೆ ಬೆಚ್ಚನೆಯ ನೀರಿಗೆ ಚಿಟಿಕೆ ಸಕ್ಕರೆಯೊಡನೆ ಹಾಕಿ ಹತ್ತು ನಿಮಿಷ ಬಿಡಬೇಕು. ನೊರೆ ಬಾರದಿದ್ದರೆ ಎಸೆಯಬೇಕು. ಕರಾವಳಿಯ ತೇವದಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ ಬೇಗನೆ ಈ ಗತಿಗೆ ಬರುತ್ತದೆ. ಉಪ್ಪು ಯೀಸ್ಟಿನ ವೇಗಕ್ಕೆ ಕಡಿವಾಣ, ಗ್ಲುಟೆನಿಗೆ ಬಿಗಿ. ರಕ್ತದೊತ್ತಡದ ಭಯದಿಂದ ಉಪ್ಪನ್ನು ಪೂರ್ತಿ ಬಿಟ್ಟವರ ಬ್ರೆಡ್ಡು ಕುಸಿದರೆ ಆಶ್ಚರ್ಯಪಡಬೇಕಾದುದಿಲ್ಲ.

ಕೊನೆಯ ಘಟ್ಟ ಕಾವಿನದು. ಬೇಯಿಸುವಾಗ ಕಣಕದೊಳಗೆ ಒಂದು ಸ್ಪರ್ಧೆ ನಡೆಯುತ್ತದೆ. ಕಾವು ಏರುತ್ತಿದ್ದಂತೆ ಯೀಸ್ಟು ಸಾಯುವುದಕ್ಕೆ ಮೊದಲು ಒಮ್ಮೆ ರಭಸದಿಂದ ಕೆಲಸ ಮಾಡುತ್ತದೆ, ಒಳಗಣ ಅನಿಲವೂ ಹಿಗ್ಗುತ್ತದೆ. 55ರಿಂದ 60 ಡಿಗ್ರಿಯ ಸುಮಾರಿಗೆ ಯೀಸ್ಟು ಸಾಯುತ್ತದೆ. ಹೆಚ್ಚುಕಡಮೆ ಅಲ್ಲಿಂದ ಮೇಲಕ್ಕೆ ಪಿಷ್ಟ ನೀರನ್ನು ಹೀರಿ ಬೆಂದು, ಗ್ಲುಟೆನ್ ಗಟ್ಟಿಯಾಗಿ, ಆಕಾರ ಸ್ಥಿರವಾಗುತ್ತದೆ. ಕಾವು ಬೇಗ ಏರಿದರೆ ಹಿಗ್ಗಿದ ಕಣಕ ಹಿಗ್ಗಿದ ರೂಪದಲ್ಲಿಯೇ ನಿಲ್ಲುತ್ತದೆ. ನಿಧಾನವಾಗಿ ಏರಿದರೆ ಸ್ಥಿರವಾಗುವ ಮೊದಲೇ ಜಾಲ ಹರಿಯುವ ಅವಕಾಶ ಹೆಚ್ಚು. ಬೇಕರಿಯ ಒಲೆ ಮೊದಲೇ ಕಾದಿರುತ್ತದೆ. ಬ್ರೆಡ್ ಯಂತ್ರವಾದರೋ ಬೆಚ್ಚಗಿನ ಸ್ಥಿತಿಯಿಂದ ಮೆಲ್ಲನೆ ಕಾಯುತ್ತ ಹೋಗುತ್ತದೆ. ಅತಿಯಾಗಿ ಉಬ್ಬಿದ ಕಣಕವನ್ನು ಒಲೆ ಒಂದು ವೇಳೆ ಕಾಪಾಡೀತು, ಯಂತ್ರ ಕಾಪಾಡದು.

ಇದಕ್ಕೆ ಸೇರಿಸಬೇಕಾದುದು ನಮ್ಮ ಊರುಗಳ ವಿದ್ಯುತ್ತಿನ ಪಾಡು. ಕಾಯುವ ಸರಳಿನ ಶಕ್ತಿ ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. 230 ವೋಲ್ಟಿಗೆ 600 ವಾಟು ಕೊಡುವ ಸರಳು, ಸಂಜೆಯ ಹೊತ್ತು ವೋಲ್ಟೇಜು 190ಕ್ಕೆ ಇಳಿದಾಗ ಸುಮಾರು 410 ವಾಟು ಮಾತ್ರ ಕೊಡುತ್ತದೆ; ವೋಲ್ಟೇಜಿನಲ್ಲಿ ಆರನೆಯ ಒಂದು ಪಾಲಿನಷ್ಟು ಇಳಿತ, ಕಾವಿನಲ್ಲಿ ಮೂರನೆಯ ಒಂದು ಪಾಲಿನಷ್ಟು. ದೀಪ ಮಂದವಾದದ್ದು ಕಣ್ಣಿಗೆ ಕಾಣುತ್ತದೆ, ಬ್ರೆಡ್ಡು ಕುಸಿದದ್ದಕ್ಕೆ ಅದೇ ಕಾರಣವೆಂಬುದು ಹೊಳೆಯುವುದಿಲ್ಲ. ವಿದ್ಯುತ್ತು ಪೂರ್ತಿಯಾಗಿ ಹೋದಾಗ ಕೆಲವು ಯಂತ್ರಗಳು ಕೆಲವು ನಿಮಿಷಗಳ ಕಾಲ ತಾವು ನಿಂತ ಘಟ್ಟವನ್ನು ನೆನಪಿಟ್ಟುಕೊಳ್ಳುತ್ತವೆ. ಅದಕ್ಕೂ ಮೀರಿದರೆ ಮೊದಲಿನಿಂದ ಆರಂಭ.

ಕುಸಿದ ಬ್ರೆಡ್ಡಿನ ಆಕೃತಿಯೇ ಕಾರಣವನ್ನು ಹೇಳುತ್ತದೆ. ಕೊಯ್ದು ನೋಡಿದಾಗ ಮೇಲ್ಭಾಗದಲ್ಲಿ ದೊಡ್ಡ ದೊಡ್ಡ ತೂತುಗಳಿದ್ದು ಒಳಗು ಒಣಗಿ ಬೆಂದಿದ್ದರೆ ಅತಿಯಾಗಿ ಉಬ್ಬಿದೆ, ಅಂದರೆ ಕಣಕದ ಉಷ್ಣತೆ ಇಲ್ಲವೆ ಯೀಸ್ಟು ಹೆಚ್ಚು. ಹಳ್ಳದ ಕೆಳಗೆ ಅಂಟಂಟಾದ ಒದ್ದೆಯ ಪದರವಿದ್ದು ಮೇಲ್ಮೈ ಬಿಳುಚಿದ್ದರೆ ನೀರು ಹೆಚ್ಚು, ಅಥವಾ ಬೇಯುವ ಕಾವು ಕಡಮೆ. ಸರಿಯಾಗಿ ಬೆಂದ ಬ್ರೆಡ್ಡಿನ ನಡುಗರ್ಭ 93 ಡಿಗ್ರಿಯನ್ನಾದರೂ ಮುಟ್ಟಿರಬೇಕು. ನೆತ್ತಿ ಸರಿಯಿದ್ದು ಪಕ್ಕಗಳು ಮಾತ್ರ ಒಳಕ್ಕೆ ಬಾಗಿದ್ದರೆ ಬೆಂದ ಮೇಲೆ ಪಾತ್ರೆಯಲ್ಲಿಯೇ ಬಿಟ್ಟು ಹಬೆಯಿಂದ ಮೆತ್ತಗಾದದ್ದು. ಕೊನೆಯ ಉಬ್ಬುವಿಕೆಯಲ್ಲಿ ಕುತೂಹಲಕ್ಕಾಗಿ ಮುಚ್ಚಳವನ್ನು ಎತ್ತಿ ಎತ್ತಿ ನೋಡುವುದೂ ಕೇಡೇ.

ತೂಕದ ಯಂತ್ರ, ಉಷ್ಣಮಾಪಕ, ಇಷ್ಟೆಲ್ಲ ಲೆಕ್ಕಾಚಾರ ಬೇಕಾಗುವುದಾದರೆ ಗುಂಡಿಯೊತ್ತಿ ಸುಮ್ಮನಿರಬಹುದೆಂದು ಕೊಂಡ ಯಂತ್ರದ ಪ್ರಯೋಜನವೇನು ಎಂಬ ಆಕ್ಷೇಪಣೆ ಸಹಜ. ಯಂತ್ರ ಉಳಿಸಿಕೊಡುವುದು ತೋಳಿನ ಶ್ರಮವನ್ನು ಮತ್ತು ಕಾಯುವ ಬೇಸರವನ್ನು, ನಿರ್ಣಯವನ್ನಲ್ಲ. ಕೈಯಿಂದ ನಾದುವವನು ಅಳತೆಯಲ್ಲಿ ತಪ್ಪಿದರೂ ಬೆರಳಿಗೆ ತಿಳಿದು ತಿದ್ದಿಕೊಳ್ಳುತ್ತಾನೆ, ಆದುದರಿಂದ ಅವನಿಗೆ ತಕ್ಕಡಿ ಅಷ್ಟಾಗಿ ಬೇಡ. ಬೆರಳನ್ನು ತೆಗೆದಮೇಲೆ ಅದರ ಸ್ಥಾನದಲ್ಲಿ ತಕ್ಕಡಿಯನ್ನು ಇಡಲೇಬೇಕಾಗುತ್ತದೆ.

ರಾಯಚೂರಿನಲ್ಲಿ ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ ನಡೆದದ್ದನ್ನು ಇಲ್ಲಿ ವಿವರವಾಗಿ ಹೇಳಬಹುದು. ಅವರ ಸೊಸೆ ಮೂರು ಬಟ್ಟಲು ಮೈದಾ, ಒಂದು ಬಟ್ಟಲು ಬೆಚ್ಚನೆಯ ನೀರು, ಒಂದೂವರೆ ಟೀ ಚಮಚ ಯೀಸ್ಟು, ಒಂದು ಟೀ ಚಮಚ ಉಪ್ಪು ಎಂಬ ಪಾಠವನ್ನು ಅನುಸರಿಸಿ ಬ್ರೆಡ್ಡು ಮಾಡಿದಾಗ ಅದು ಪಾತ್ರೆಯ ಅರ್ಧವನ್ನೂ ಮುಟ್ಟಲಿಲ್ಲ. ಯೀಸ್ಟನ್ನು ಎರಡೂವರೆ ಚಮಚಕ್ಕೆ ಏರಿಸಿದರು. ಸ್ವಲ್ಪ ಎದ್ದು, ಹುಳಿವಾಸನೆ ಬಂದು, ಒತ್ತಾಗಿಯೇ ಉಳಿಯಿತು. ಕಣಕ ಗಟ್ಟಿಯೆನಿಸಿ ಮುಂದಿನ ಸಲ ಯೀಸ್ಟನ್ನು ಇಳಿಸದೆಯೇ ನೀರನ್ನು ಕಣ್ಣಂದಾಜಿನಲ್ಲಿ ಧಾರಾಳವಾಗಿ ಹೆಚ್ಚಿಸಿದರು. ಈ ಸಲ ಮುಚ್ಚಳಕ್ಕೆ ತಾಗುವಷ್ಟು ಉಬ್ಬಿ ನಡುವೆ ಕುಸಿಯಿತು. "ಮಾವನವರೇ, ಇದನ್ನು ಅಂಗಡಿಗೆ ವಾಪಸು ಕೊಟ್ಟುಬಿಡೋಣ" ಎಂದು ಆಕೆ, "ಮೊದಲು ಹಿಟ್ಟನ್ನು ತೂಗಮ್ಮ, ಆಮೇಲೆ ಕೊಡೋಣ" ಎಂದು ಅವರು. ತೂಗಿದಾಗ ಆಕೆ ತಟ್ಟಿ ತುಂಬುವ ಒಂದು ಬಟ್ಟಲು ಮೈದಾ 155 ಗ್ರಾಂ ಇತ್ತು. ಮೇಲೆ ಹೇಳಿದ 465 ಗ್ರಾಮಿನ ಲೆಕ್ಕ ಈ ಮನೆಯದೇ.

ಆಮೇಲೆ ಮಾಡಿದ್ದು ಇಷ್ಟು. ಮೈದಾವನ್ನು 375 ಗ್ರಾಂ ತೂಗಿ, ಫ್ರಿಜ್ಜಿನ ನೀರನ್ನು 230 ಮಿಲಿಲೀಟರು ಹಾಕಿ, ಯೀಸ್ಟನ್ನು ಒಂದು ಟೀ ಚಮಚಕ್ಕೆ, ಅಂದರೆ ಸುಮಾರು 3 ಗ್ರಾಮಿಗೆ ಇಳಿಸಿದರು. ಉಂಡೆ ನಯವಾಗಿ ಕಟ್ಟಿತು, ಬ್ರೆಡ್ಡು ಎದ್ದಿತು, ಆದರೆ ನೆತ್ತಿ ಗುಮ್ಮಟವಾಗದೆ ಚಪ್ಪಟೆಯಾಗಿ ಕೊಂಚ ಒಳಸರಿಯಿತು. ಬೇಯಲು ಆರಂಭವಾಗುವ ಬಹಳ ಮೊದಲೇ ಕಣಕ ಪಾತ್ರೆಯ ಅಂಚಿಗೆ ಬಂದಿದ್ದುದನ್ನು ಉಪಾಧ್ಯಾಯರು ಕಿಂಡಿಯಿಂದ ಗಮನಿಸಿದ್ದರು. ಅಡುಗೆಮನೆ ಆಗ 36 ಡಿಗ್ರಿ. ಮತ್ತೆ ಯಾವುದನ್ನೂ ಬದಲಾಯಿಸದೆ ಯೀಸ್ಟನ್ನು ಮಾತ್ರ ಮುಕ್ಕಾಲು ಚಮಚಕ್ಕೆ ತಂದಾಗ ನೆತ್ತಿ ದುಂಡಗೆ ನಿಂತಿತು. ಒತ್ತಾದ ಬ್ರೆಡ್ಡಿನಿಂದ ಹೊರಟವರು ಆರಂಭಿಸಿದ್ದಕ್ಕಿಂತ ಅರ್ಧದಷ್ಟು ಯೀಸ್ಟಿನಲ್ಲಿ ಮೆತ್ತಗಿನ ಬ್ರೆಡ್ಡನ್ನು ಮುಟ್ಟಿದರೆಂಬುದನ್ನು ಯೀಸ್ಟಿನ ಪಕ್ಷಪಾತಿಗಳು ಪರಾಂಬರಿಸಬೇಕು. ಒಂದೊಂದು ಸಲಕ್ಕೆ ಒಂದೊಂದನ್ನೇ ಬದಲಾಯಿಸುವ ಉಪಾಧ್ಯಾಯವೃತ್ತಿಯ ಶಿಸ್ತು ಈ ಕೊನೆಯ ಹೆಜ್ಜೆಯಲ್ಲಿ ಕೆಲಸಕ್ಕೆ ಬಂತು. ಇಷ್ಟಾದರೂ ಕಡುಬೇಸಗೆಯ ಕೆಲವು ದಿನ ಕಣಕ ಮುಂದೋಡುವುದುಂಟು. ಅಂಥ ದಿನ ಕಣಕ ಅಂಚಿಗೆ ಎರಡು ಬೆರಳು ಕೆಳಗಿರುವಾಗಲೇ ನಡೆಯುತ್ತಿರುವ ಕ್ರಮವನ್ನು ನಿಲ್ಲಿಸಿ, ಬೇಯಿಸುವುದಕ್ಕೆಂದೇ ಇರುವ ಪ್ರತ್ಯೇಕ ಕ್ರಮವನ್ನು ಆರಂಭಿಸಿಬಿಡುತ್ತಾರೆ. ಆ ಸೌಕರ್ಯ ಅನೇಕ ಯಂತ್ರಗಳಲ್ಲಿದೆ, ಬಳಸುವವರು ವಿರಳ.

ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗದೆ ಉಳಿದಿರುವುದು ಗೋಧಿಹಿಟ್ಟಿನ ಪ್ರಶ್ನೆ. ಸಕ್ಕರೆ ಕಾಯಿಲೆಯ ಕಾರಣದಿಂದ ಉಪಾಧ್ಯಾಯರು ಪೂರ್ತಿ ಗಿರಣಿಯ ಹಿಟ್ಟಿನ ಬ್ರೆಡ್ಡನ್ನು ಬಯಸುತ್ತಾರೆ, ಮೈದಾದಷ್ಟೇ ಎತ್ತರವನ್ನೂ ನಿರೀಕ್ಷಿಸುತ್ತಾರೆ. ಎರಡೂ ಒಟ್ಟಿಗೆ ದೊರೆಯಲಾರವು. ನೀರನ್ನು ನೂರಕ್ಕೆ 72 ಪಾಲಿನವರೆಗೆ ಏರಿಸಿ, ತೌಡು ನೆನೆಯಲು ಹೆಚ್ಚು ಹೊತ್ತು ಕೊಡುವ ಗೋಧಿಯ ಕ್ರಮವನ್ನು ಆರಿಸಿ, ಅಂಗಡಿಯಲ್ಲಿ ಸಿಕ್ಕುವ ಗ್ಲುಟೆನ್ ಪುಡಿಯನ್ನು ಒಂದೆರಡು ಚಮಚ ಬೆರೆಸಿದರೆ ಒತ್ತು ಸಾಕಷ್ಟು ಕಡಮೆಯಾಗುತ್ತದೆ; ಮೂರರಲ್ಲಿ ಒಂದು ಪಾಲು ಮೈದಾ ಸೇರಿಸಲು ಒಪ್ಪಿದರೆ ಇನ್ನಷ್ಟು. ಅಲ್ಲಿಂದಾಚೆಗೆ ಉಳಿಯುವ ಒತ್ತು ಹಿಟ್ಟಿನ ಸ್ವಭಾವಕ್ಕೆ ಸೇರಿದ್ದು. ಅದಕ್ಕಾಗಿ ಅಲಗನ್ನು ಬದಲಾಯಿಸುವುದರಿಂದಲೂ ಯೀಸ್ಟನ್ನು ಸುರಿಯುವುದರಿಂದಲೂ ಫಲವಿಲ್ಲ.